ಅಮ್ಮನ ಕಾಲು ಮತ್ತು ಅವಧಿ ಮೀರಿದ ಸರ್ಟಿಫಿಕೇಟು

ಆ ನೋಟಿಸನ್ನು ಅಂಚೆಯವನ ಕೈಯಿಂದ ಸಹಿ ಹಾಕಿ ತೆಗೆದುಕೊಂಡವಳು ನನ್ನ ಅಮ್ಮನೇ. ಡೊಂಬಿವಲಿಯ ನಮ್ಮ ಬಿಲ್ಡಿಂಗಿಗೆ ಲಿಫ್ಟ್ ಇಲ್ಲ. ಅಂಚೆಯವನು ಕೆಳಗಿನಿಂದ ಕೂಗಿದನಂತೆ. ಅಮ್ಮ ಒಲೆಯನ್ನು ಸಣ್ಣಗೆ ಮಾಡಿ, ಎರಡು ಮಹಡಿ ಇಳಿದು, ಅವನ ಪುಸ್ತಕದಲ್ಲಿ ಕನ್ನಡದಲ್ಲಿ ಸಹಿ ಮಾಡಿ, ಲಕೋಟೆಯನ್ನು ಹಿಡಿದುಕೊಂಡು ಮತ್ತೆ ಎರಡು ಮಹಡಿ ಹತ್ತಿದ್ದಳು. ಒಲೆಯ ಮೇಲಿನ ಸಾರು ಇನ್ನೂ ಕುದಿ ಬಂದಿರಲಿಲ್ಲ ಎಂದು ರಾತ್ರಿ ನನಗೆ ಊಟ ಬಡಿಸುವಾಗ ಹೆಮ್ಮೆಯಿಂದಲೇ ಹೇಳಿದಳು.

"ಸರ್ಕಾರದ್ದು ಎಂತದ್ದೋ ಬಂದಿದೆ ಮಗಾ. ದಪ್ಪ ಉಂಟು. ಪ್ರಮೋಶನ್ನಾ?"

ಸರ್ಕಾರ ನನಗೇಕೆ ಪ್ರಮೋಶನ್ ಕೊಡಬೇಕು? ನಾನು ಮಹಾಪೆಯ ಒಂದು ಖಾಸಗಿ ಕಂಪನಿಯ ಸ್ಟೋರ್ಸ್ ವಿಭಾಗದಲ್ಲಿದ್ದವನು. ಬೆಳಗ್ಗೆ ಏಳಕ್ಕೆ ಮನೆ ಬಿಟ್ಟರೆ ಥಾಣೆಯಲ್ಲಿ ಇಳಿದು, ಗಾಡಿ ಬದಲಿಸಿ, ಆಮೇಲೆ ಶೇರ್ ರಿಕ್ಷಾ ಹಿಡಿದು ಕೆಲಸಕ್ಕೆ ಮುಟ್ಟುತ್ತಿದ್ದೆ. ಮನೆಗೆ ಬರುವಾಗ ಎಂಟು ಕಳೆದಿರುತ್ತಿತ್ತು. ಲಕೋಟೆ ಒಡೆದೆ. ಆದಾಯ ತೆರಿಗೆ ಇಲಾಖೆಯದು. ಒಳಗೆ ಇಂಗ್ಲಿಷಿನಲ್ಲಿ ಎರಡು ಪುಟ. ಮೊದಲನೆಯದನ್ನು ಓದಿ ಏನೂ ಅರ್ಥವಾಗಲಿಲ್ಲ. ಎರಡನೆಯದರಲ್ಲಿ ಅರ್ಥವಾಗದೆ ಇರುವಂಥದ್ದು ಏನೂ ಇರಲಿಲ್ಲ. ಅಂಗವಿಕಲ ಅವಲಂಬಿತರ ಪೋಷಣೆಗಾಗಿ ನೀವು ಆದಾಯದಲ್ಲಿ ಕಡಿತ ಕೇಳಿದ್ದೀರಿ. ಆ ಅವಲಂಬಿತರು ಯಾರು, ನಿಮಗೆ ಏನಾಗಬೇಕು, ಆ ವರ್ಷಕ್ಕೆ ಚಾಲ್ತಿಯಲ್ಲಿದ್ದ ಅವರ ಅಂಗವೈಕಲ್ಯ ಪ್ರಮಾಣಪತ್ರವನ್ನು ಇಂಥ ದಿನದಂದು ಹಾಜರುಪಡಿಸಿ.

ಆ ಅಂಗವಿಕಲ ಅವಲಂಬಿತೆ ನನ್ನ ತಟ್ಟೆಗೆ ಎರಡನೇ ಸಲ ಅನ್ನ ಹಾಕುತ್ತ ನಿಂತಿದ್ದಳು.

ಇದನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ಅಪ್ಪ ತೀರಿಕೊಂಡ ಮರುವರ್ಷ, ಅಂದರೆ ಎರಡು ಸಾವಿರದ ಏಳರ ಸುಮಾರಿಗೆ, ಅಮ್ಮನಿಗೆ ಲಕ್ವ ಹೊಡೆಯಿತು. ಒಂದು ಬೆಳಗ್ಗೆ ತೆಂಗಿನಕಾಯಿ ತುರಿಯುತ್ತ ಕುಳಿತವಳು ಹಾಗೇ ಬಲಕ್ಕೆ ವಾಲಿದಳು. ಬಲಗೈ, ಬಲಗಾಲು ಎರಡೂ ಹೋದವು. ಬಾಯಿ ಮಾತ್ರ ಎರಡು ವಾರದೊಳಗೆ ಸರಿಯಾಯಿತು. ದೇವರು ನನಗೆ ಬೇಕಾದದ್ದನ್ನು ಮೊದಲು ಕೊಟ್ಟ ಎಂದು ಅವಳೇ ನಗುತ್ತಿದ್ದಳು. ಆರು ತಿಂಗಳಿಗೂ ಮೇಲಾದ ನಂತರ, ಯಾರೋ ಹೇಳಿದರೆಂದು, ಥಾಣೆಯ ಸರ್ಕಾರಿ ಆಸ್ಪತ್ರೆಗೆ ಅವಳನ್ನು ಕರೆದುಕೊಂಡು ಹೋಗಿ ಸರ್ಟಿಫಿಕೇಟು ಮಾಡಿಸಿದೆ. ಬಲ ಭಾಗದ ಪಾರ್ಶ್ವವಾಯು, ಶೇಕಡಾ ಐವತ್ತು. ಅಂದು ಅವಳನ್ನು ಟ್ಯಾಕ್ಸಿಯಿಂದ ಇಳಿಸಲು ಇಬ್ಬರು ಬೇಕಾಗಿದ್ದರು. ಆ ಕಾಗದದಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ.

ಆಮೇಲೆ ಅಮ್ಮ ಹಟಕ್ಕೆ ಬಿದ್ದಳು. ವಾರಕ್ಕೆ ಮೂರು ದಿನ ಫಿಸಿಯೋಥೆರಪಿಯವಳು ಬರುತ್ತಿದ್ದಳು. ಉಳಿದ ನಾಲ್ಕು ದಿನ ಅಮ್ಮನೇ ತನಗೆ ಫಿಸಿಯೋಥೆರಪಿಯವಳು. ಗೋಡೆ ಹಿಡಿದು ನಡೆದಳು, ನಾಲ್ಕು ಕಾಲಿನ ಕೋಲು ಹಿಡಿದು ನಡೆದಳು, ಆಮೇಲೆ ಕೋಲನ್ನು ಬಿಟ್ಟು ನನ್ನ ಮಗಳ ಭುಜ ಹಿಡಿದು ನಡೆದಳು. ಒಂದು ದಿನ ಭುಜವನ್ನೂ ಬಿಟ್ಟಳು. ಬಲಗೈಯ ಬೆರಳುಗಳನ್ನು ಹದಕ್ಕೆ ತರಲು ಮಲ್ಲಿಗೆ ಕಟ್ಟಿದಳು. ಮೊದಲಿಗೆ ಹೂವು ಉದುರಿ ಬರೇ ದಾರ ಉಳಿಯುತ್ತಿತ್ತು. ಎರಡು ವರ್ಷ ಕಳೆಯುವಷ್ಟರಲ್ಲಿ ಸಂಜೆ ನಾಲ್ಕು ಗಂಟೆಗೆ ಚಪ್ಪಲಿ ಮೆಟ್ಟಿ, ಸ್ಟೇಷನ್ನಿನ ಹತ್ತಿರದ ತರಕಾರಿ ಮಾರ್ಕೆಟ್ಟಿನವರೆಗೆ ಹೋಗಿ, ಅಲ್ಲಿ ಮಾರುವ ಹೆಂಗಸರ ಜೊತೆ ಬಸಳೆಯ ಕಟ್ಟಿಗಾಗಿ ಜಗಳವಾಡಿ, ನಡೆದುಕೊಂಡೇ ಬರುತ್ತಿದ್ದಳು. ಅಜ್ಜಿ ತನಗಿಂತ ಜೋರಾಗಿ ನಡೆಯುತ್ತಾಳೆಂದು ಮಗಳು ಹಿಂದಿಯಲ್ಲಿ ತನ್ನ ಗೆಳತಿಯರಿಗೆ ಹೇಳುವುದನ್ನು ನಾನೇ ಕೇಳಿದ್ದೇನೆ: "ಮೇರಿ ಅಜ್ಜಿ ತೋ ಮುಝಸೇ ಭೀ ಫಾಸ್ಟ್ ಚಲ್ತಿ ಹೈ."

ಈ ಸುದ್ದಿ ಇಡೀ ಬಿಲ್ಡಿಂಗಿಗೆ ಗೊತ್ತಿತ್ತು, ಮಾರ್ಕೆಟ್ಟಿಗೆ ಗೊತ್ತಿತ್ತು. ಗೊತ್ತಾಗದೆ ಉಳಿದದ್ದು ನನ್ನ ತೆರಿಗೆ ರಿಟರ್ನಿಗೆ ಮಾತ್ರ.

ನಮ್ಮ ಕಡೆಯ ಬಹಳ ಜನರ ರಿಟರ್ನು ತುಂಬುತ್ತಿದ್ದವರು ಕಲ್ಯಾಣದಲ್ಲಿದ್ದ ವಿಜಾಪುರದ ಕಡೆಯ ಒಬ್ಬರು. ಮೊದಲು ಬಟ್ಟೆ ವ್ಯಾಪಾರಿಯೊಬ್ಬರಲ್ಲಿ ಲೆಕ್ಕ ಬರೆಯುತ್ತಿದ್ದವರು. ಊರಿನವರೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದರು. ಜುಲೈ ಬಂತೆಂದರೆ ಭಾನುವಾರಗಳಲ್ಲಿ ಡೊಂಬಿವಲಿಯ ನಮ್ಮ ಕನ್ನಡ ಸಂಘದ ಹಾಲಿಗೆ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದು ಕೂರುವರು. ಹೋಟೆಲಿನ ಮ್ಯಾನೇಜರುಗಳು, ಬ್ಯಾಂಕಿನವರು, ನನ್ನಂಥ ಫ್ಯಾಕ್ಟರಿಯವರು ಸಾಲಾಗಿ ಕೂತು, ಚಹಾ ಕುಡಿಯುತ್ತ, ಊರಿನ ಸುದ್ದಿ ಹೇಳುತ್ತ ಸರದಿಗಾಗಿ ಕಾಯುವುದು. ಅದೊಂದು ಸಣ್ಣ ಸಮಾರಂಭ. ಸರದಿ ಬಂದಾಗ ಕಾಕಾ ಕೇಳುವುದು ಒಂದೇ ಪ್ರಶ್ನೆ: "ಹೋದ ವರ್ಷದಂಗನ ಹಾಕ್ಲೇನ್ರಿ?"

"ಹಾಕಿ ಕಾಕಾ."

ಅಷ್ಟೇ. ಸಂಬಳದ ಅಂಕಿ ಬದಲಾಗುತ್ತಿತ್ತು, ಉಳಿದದ್ದೆಲ್ಲ ಹಾಗೇ ಮುಂದಿನ ವರ್ಷಕ್ಕೆ ಬಂದು ಕೂರುತ್ತಿತ್ತು. ರಿಟರ್ನಿನ ಜೊತೆಗೆ ಕಾಗದ ಲಗತ್ತಿಸುವ ಪದ್ಧತಿ ಆಗ ಹೋಗಿತ್ತು. ಕೇಳಿದಾಗ ತೋರಿಸಿದರೆ ಸಾಕು. ಯಾರೂ ಕೇಳುತ್ತಿರಲಿಲ್ಲ.

ನನಗೆ ಗೊತ್ತಿರಲಿಲ್ಲ ಎಂದು ಬರೆದರೆ ಈ ಕಥೆ ಇಲ್ಲಿಗೇ ಸರಾಗವಾಗುತ್ತದೆ. ನಮ್ಮ ಮನೆಯಲ್ಲಿ ಕೆಲವರಿಗೆ ಹಾಗೇ ಹೇಳಿದ್ದೂ ಉಂಟು. ಆದರೆ ಒಂದು ವರ್ಷ ಬ್ಯಾಂಕಿನ ಯಾವುದೋ ಕಾಗದ ಹುಡುಕುವಾಗ ಆ ಸರ್ಟಿಫಿಕೇಟು ಕೈಗೆ ಸಿಕ್ಕಿತ್ತು. ಕೆಳಗೆ, ಡಾಕ್ಟರರ ಸಹಿಯ ಮೇಲೆ, ಕೈಬರಹದಲ್ಲಿ ಒಂದು ಸಾಲಿತ್ತು: ಎರಡು ವರ್ಷಗಳ ನಂತರ ಮರುಪರೀಕ್ಷೆ ಅಗತ್ಯ. ಆಗಲೇ ಎರಡು ವರ್ಷ ಕಳೆದು ಮೇಲೆ ಕೆಲವು ತಿಂಗಳಾಗಿತ್ತು. ಓದಿದೆ. ಮಡಚಿದೆ. ಫೈಲಿನೊಳಗೆ ಇಟ್ಟೆ. ಅಡುಗೆಮನೆಯಲ್ಲಿ ಅಮ್ಮ ದೋಸೆ ಹಿಟ್ಟು ತಿರುವುತ್ತಿದ್ದ ಸದ್ದು ಕೇಳುತ್ತಿತ್ತು. ಆಮೇಲೆಯೂ ನಾನು ಪ್ರತಿ ಜುಲೈಯಲ್ಲಿ "ಹಾಕಿ ಕಾಕಾ" ಎಂದೇ ಹೇಳಿದೆ.

ನೋಟಿಸು ಬಂದ ವಾರದ ಭಾನುವಾರ ಕಲ್ಯಾಣಕ್ಕೆ ಹೋದೆ. ಕಾಕಾ ಕನ್ನಡಕ ಏರಿಸಿ ನೋಟಿಸನ್ನೂ ಹಳೆಯ ಸರ್ಟಿಫಿಕೇಟನ್ನೂ ಪಕ್ಕ ಪಕ್ಕ ಇಟ್ಟು ನೋಡಿದರು.

"ಅಲ್ರೀ ಸಾಹೇಬ್ರ, ಇದು ಮುಗದು ಎಷ್ಟ್ ವರ್ಷ ಆತು! ಒಂದ್ ಮಾತು ಹೇಳಬಾರದೇನ್ರಿ?"

"ನೀವು ಕೇಳಲಿಲ್ಲ ಕಾಕಾ."

"ನಾ ಕೇಳೀನ್ರಿ. ಹೋದ ವರ್ಷದಂಗನ ಏನು ಅಂತ ಕೇಳೀನಿ. ನಿಮ್ಮ ತಾಯಿ ಹೋದ ವರ್ಷದಂಗ ಅದಾರೋ ಇಲ್ಲೋ, ಅದು ನನಗ ಹ್ಯಾಂಗ ಗೊತ್ತಾಗಬೇಕು?" ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಸ್ವಲ್ಪ ಹೊತ್ತು ಮೀಸೆ ತಿರುವಿ, ದನಿ ತಗ್ಗಿಸಿದರು. "ಈಗ ಹ್ಯಾಂಗ ಅದಾರ?"

"ಆರಾಮಿದ್ದಾರೆ. ನಡೀತಾರೆ."

"ಪೂರಾ ನಡೀತಾರೋ, ಒಂದ್ ಚೂರು ಏನರೆ ಉಳದೈತೋ?"

"ದಣಿದಾಗ ಸ್ವಲ್ಪ ಎಳೀತಾರೆ."

"ಹಂಗಾರ ದವಾಖಾನಿ ಬೋರ್ಡಿಗೆ ಕರ್ಕೊಂಡು ಹೋಗ್ರಿ. ಹೊಸಾ ಸರ್ಟಿಫಿಕೇಟ್ ಬಂದ್ರ, ಮದಲಿಂದ್ಲೂ ಹಂಗ ಐತಿ, ರಿನ್ಯೂ ಮಾಡ್ಸೂದಷ್ಟ ಮರತಿದ್ವಿ ಅಂತ ಹೇಳಾಕ ಬರತೈತಿ." ಎಂದು ಹೇಳಿದವರು ನನ್ನ ಮುಖ ನೋಡದೆ ನೋಟಿಸನ್ನು ಮಡಚಿ ಕೊಟ್ಟರು. "ದಣಿದಾಗ ಕರ್ಕೊಂಡು ಹೋಗ್ರಿ."

ಕಲ್ಯಾಣದಿಂದ ಡೊಂಬಿವಲಿಗೆ ಎರಡೇ ಸ್ಟೇಷನ್ನು. ಆ ಎರಡು ಸ್ಟೇಷನ್ನಿನೊಳಗೆ ನಾನು ಮನಸ್ಸು ಮಾಡಿಯಾಗಿತ್ತು. ಹೇಗೆ ಹೇಳುವುದು ಎನ್ನುವುದೊಂದೇ ಉಳಿದದ್ದು. ಊಟದ ಹೊತ್ತಿಗೆ ಸುತ್ತಿ ಬಳಸಿ ಹೇಳಿದೆ: ಹಳೆಯ ಕಾಗದ ಒಂದು ಹೊಸತು ಮಾಡಿಸಬೇಕು, ಆಸ್ಪತ್ರೆಯಲ್ಲಿ ಸುಮ್ಮನೆ ಒಂದು ಸಲ ನೋಡುತ್ತಾರೆ, ಕಾಲು ಎಷ್ಟು ಸರಿಯಾಗಿದೆ ಅಂತ.

ಅಮ್ಮ ದಡ್ಡಿಯಲ್ಲ. ಅಪ್ಪನ ಹೋಟೆಲು ಕೆಲಸದ ಕಾಲದಲ್ಲಿ ಮನೆ ನಡೆಸಿದವಳು. ಎರಡು ಪ್ರಶ್ನೆ ಕೇಳಿದಳು, ಎಲ್ಲ ತಿಳಿದುಕೊಂಡಳು.

"ಸರಿಯಾಗಿದೆ ಅಂತ ಬರೆದ್ರೆ ನಿಂಗೆ ತೊಂದರೆಯಾ?"

ನಾನು ಅನ್ನ ಕಲಸುತ್ತ ಕೂತೆ.

"ಅಷ್ಟೇ ಅಲ್ವಾ?" ಎಂದಳು. "ಅದಕ್ಕೆ ಎಂತ ಮುಖ ಸಪ್ಪೆ ಮಾಡುದು? ಹೇಗೆ ನಡೀತಿದ್ದೆ ಅಂತ ನಂಗೆ ನೆನಪಿಲ್ವಾ? ಎರಡು ವರ್ಷ ನಡೆದದ್ದು ನಾನೇ ಅಲ್ವಾ?" ಎದ್ದು ನಿಂತು, ಬಲಗೈಯನ್ನು ಎದೆಯ ಹತ್ತಿರ ಮಡಚಿ, ಬಲಗಾಲನ್ನು ಹೊರಗಿನಿಂದ ಅರ್ಧ ಚಂದ್ರನ ಹಾಗೆ ತಿರುಗಿಸಿ ತಂದು, ಟಿವಿಯವರೆಗೆ ನಡೆದು ತೋರಿಸಿದಳು. ಅಷ್ಟು ವರ್ಷಗಳ ಹಿಂದಿನ ನಡಿಗೆ ಕೂದಲೆಳೆಯಷ್ಟೂ ತಪ್ಪದೆ ಹಾಗೇ ಇತ್ತು. ತಿರುಗಿ ನಮ್ಮನ್ನು ನೋಡಿ ನಕ್ಕಳು. "ಹೇಗುಂಟು?"

ನನ್ನ ಹೆಂಡತಿ ತಟ್ಟೆಯನ್ನು ನೆಲಕ್ಕೆ ಇಟ್ಟ ಸದ್ದು ಇಂದಿಗೂ ಕಿವಿಯಲ್ಲಿದೆ. "ಅತ್ತೆ, ಬಂದು ಕೂತ್ಕೊಳ್ಳಿ" ಎಂದಳು. ಆಮೇಲೆ ಮಲಗುವ ಕೋಣೆಯಲ್ಲಿ ನನಗೆ: "ನಿಮ್ಗೆ ಎಂತ ಆಗಿದೆ? ಅವರಿಗೆ ಸ್ನಾನ ಮಾಡಿಸಿದ್ದು ನಾನು. ಬೆರಳು ಒಂದೊಂದೇ ಬಿಡಿಸಿ ಎಣ್ಣೆ ತಿಕ್ಕಿದ್ದು ನಾನು. ಈಗ ನೀವು ಅವರನ್ನು ಕುಂಟಿಸ್ತೀರಾ?"

"ನಾನೆಲ್ಲಿ ಹೇಳಿದೆ ಕುಂಟು ಅಂತ? ಅವಳೇ ಮಾಡಿದ್ದು."

"ಬೇಡ ಅಂತಾದ್ರೂ ಹೇಳಿದ್ರಾ?"

ಹೇಳಿರಲಿಲ್ಲ. ಅದನ್ನೇ ನಾನು ಎಷ್ಟೋ ವರ್ಷ ನನ್ನ ಪರವಾದ ವಾದವಾಗಿ ಇಟ್ಟುಕೊಂಡಿದ್ದೆ: ನಾನು ಕುಂಟು ಎಂದು ಹೇಳಲಿಲ್ಲ. ಆದರೆ ಮರುದಿನ ಸ್ಟೂಲು ಹಾಕಿ ಅಟ್ಟದ ಮೇಲಿಂದ ನಾಲ್ಕು ಕಾಲಿನ ಆ ಕೋಲನ್ನು ಇಳಿಸಿ, ಧೂಳು ಒರೆಸಿ, ಬಾಗಿಲ ಹತ್ತಿರ ಇಟ್ಟವನು ನಾನು.

ಆಸ್ಪತ್ರೆಯಲ್ಲಿ ಅಂಗವೈಕಲ್ಯ ಪರೀಕ್ಷೆಗೆ ವಾರದಲ್ಲಿ ಒಂದು ದಿನ. ರಜೆ ಹಾಕಿ, ಬೆಳಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿದೆ. ಉದ್ದದ ಕಾರಿಡಾರು, ಎರಡೂ ಬದಿಗೆ ಬೆಂಚು. ಕಾಲಿಲ್ಲದವರು, ಸಣ್ಣಗಾದ ಕಾಲನ್ನು ಕೈಯಿಂದ ಎತ್ತಿ ಇಡುವವರು, ತಾಯಿಯ ತೊಡೆಯ ಮೇಲೆ ಬಿಲ್ಲಿನ ಹಾಗೆ ಸೆಟೆದುಕೊಂಡ ಮಕ್ಕಳು. ಕೋಲು ಹಿಡಿದು ಬಂದ ಅಮ್ಮನನ್ನು ಕಂಡು, ಕೃತಕ ಕಾಲಿನ ಒಬ್ಬ ನಡುವಯಸ್ಸಿನವನು ಬೆಂಚಿನ ತುದಿಗೆ ಸರಿದು, "ಬಸಾ ಆಜಿ, ಬಸಾ" ಎಂದು ಜಾಗ ಮಾಡಿಕೊಟ್ಟ. ಅಮ್ಮ ಕೂತಳು. ಬಸ್ಸಿನಲ್ಲಿ ಸಿಕ್ಕಿದವರನ್ನೂ ಬಿಡದೆ ಮಾತಾಡಿಸುವವಳು ಅಲ್ಲಿ ಮೂರು ಗಂಟೆ ಯಾರ ಹತ್ತಿರವೂ ಮಾತಾಡಲಿಲ್ಲ. ನಾನು ಗೋಡೆಗೆ ಒರಗಿ ನಿಂತು, ಗುರುತಿನವರು ಯಾರಾದರೂ ಕಂಡಾರೆಂದು ಫೈಲನ್ನು ಮುಖದ ಹತ್ತಿರ ಹಿಡಿದುಕೊಂಡಿದ್ದೆ.

ಕರೆ ಬಂತು. ಮೂಳೆ ವಿಭಾಗದ ಡಾಕ್ಟರು ನನಗಿಂತ ಚಿಕ್ಕವರು. ಹಳೆಯ ಸರ್ಟಿಫಿಕೇಟು ನೋಡಿ, "ತುಂಬ ತಡವಾಗಿ ಬಂದಿದ್ದೀರಿ" ಎಂದು ಮರಾಠಿಯಲ್ಲಿ ಹೇಳಿ, ಅಮ್ಮನಿಗೆ ನಡೆಯಲು ಹೇಳಿದರು. ಅಮ್ಮ ಎದ್ದಳು. ಕೈ ಎದೆಗೆ, ಕಾಲು ಅರ್ಧಚಂದ್ರ, ಕೋಲಿನ ಮೇಲೆ ಭಾರ. ನಾನು ಕಿಟಕಿ ನೋಡಿದೆ. ಡಾಕ್ಟರು ಎದ್ದು ಬಂದರು. ಅವಳನ್ನು ಮಂಚದ ಮೇಲೆ ಕೂರಿಸಿ ಮೊಣಕಾಲಿಗೆ ರಬ್ಬರಿನ ಸುತ್ತಿಗೆ ತಟ್ಟಿದರು. ಪಾದವನ್ನು ಒತ್ತಿ ಹಿಡಿದು, ಕಾಲಿನಿಂದ ತಮ್ಮ ಕೈಯನ್ನು ದೂಡಲು ಹೇಳಿದರು. ತಮ್ಮ ಎರಡು ಬೆರಳು ಕೊಟ್ಟು ಹಿಂಡಿ ಎಂದರು. ಆಮೇಲೆ ಬರೆಯುತ್ತಲೇ, ಹವೆಯ ಬಗ್ಗೆ ಕೇಳುವ ಹಾಗೆ, ಕೇಳಿದರು: "ಆಜಿ, ಮನೆಯಲ್ಲಿ ಅಡುಗೆ ಯಾರದು? ಸೊಸೆಯದಾ?"

ಅಮ್ಮನ ಬೆನ್ನು ನೆಟ್ಟಗಾದದ್ದನ್ನು ನಾನು ಕಂಡೆ.

"ಸೊಸೆ ಯಾಕೆ? ಮೀಚ್ ಕರ್ತೇ! ಸಗ್ಳಂ ಮೀಚ್ ಕರ್ತೇ!" ಎಲ್ಲ ನಾನೇ ಮಾಡುವುದು ಎಂದು ತನ್ನ ಮುರುಕು ಮರಾಠಿಯಲ್ಲಿ ಶುರು ಮಾಡಿದಳು. ಕಾಯಿ ತುರಿಯುವುದು ತಾನು, ಮೀನು ಹೆಚ್ಚುವುದು ತಾನು, ಸೊಸೆ ಒಳ್ಳೆಯವಳೇ, ಆದರೆ ನೀರುದೋಸೆ ಅವಳಿಗೆ ದಪ್ಪವಾಗುತ್ತದೆ. ಅರ್ಧದಲ್ಲಿ ಮರಾಠಿ ಸಾಲದೆ ಕನ್ನಡ ಬಂತು, ಕನ್ನಡ ಸಾಲದೆ ಕೈ ಬಂತು. ಬಟ್ಟಲಿನಿಂದ ಹಿಟ್ಟು ಹೇಗೆ ಹೊಯ್ಯಬೇಕೆಂದು ಬಲಗೈಯಿಂದಲೇ ಗಾಳಿಯಲ್ಲಿ ಒಂದು ಸುತ್ತು ಬೀಸಿ ತೋರಿಸಿದಳು.

ಆ ಕೈ ಗಾಳಿಯಲ್ಲೇ ನಿಂತಿತು. ಅವಳು ನನ್ನ ಕಡೆ ನೋಡಿದಳು. ನಿಧಾನಕ್ಕೆ ಕೈಯನ್ನು ಎದೆಯ ಹತ್ತಿರ ಮಡಚಿಟ್ಟುಕೊಂಡಳು.

ಡಾಕ್ಟರು ನಗಲಿಲ್ಲ, ಗದರಲಿಲ್ಲ. "ಆಜಿ, ಎಷ್ಟು ಚೆನ್ನಾಗಿ ಚೇತರಿಸಿಕೊಂಡಿದ್ದೀರಿ! ನಿಮ್ಮಷ್ಟು ಕಷ್ಟಪಡುವ ಪೇಶಂಟು ನಮಗೆ ಸಿಗುವುದೇ ಇಲ್ಲ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. ನಮ್ಮ ನಿಯಮದಲ್ಲಿ ಇದು ಸೌಮ್ಯ ಪ್ರಮಾಣ, ಶೇಕಡಾ ಇಪ್ಪತ್ತೈದು. ಸವಲತ್ತಿಗೆ ನಲವತ್ತು ಬೇಕು. ಬೇಕಿದ್ದರೆ ಇಪ್ಪತ್ತೈದೆಂದೇ ಬರೆದು ಕೊಡುತ್ತೇನೆ. "ಆ ಕೋಲನ್ನು ಕೊಡಬೇಡಿ ಅವರಿಗೆ. ಅಭ್ಯಾಸವಾದರೆ ಕಷ್ಟ." ಅಷ್ಟನ್ನು ಇಂಗ್ಲಿಷಿನಲ್ಲಿ ಹೇಳಿದರು, ಅಮ್ಮನಿಗೆ ಅರ್ಥವಾಗದಿರಲಿ ಎಂದು.

ಗೇಟಿನ ಹೊರಗೆ ರಿಕ್ಷಾ ಕಾಯುವಾಗ ಅಮ್ಮ ಕೇಳಿದಳು. "ಕೊಡ್ಲಿಲ್ವಾ ಮಗಾ?"

ಇಲ್ಲಿ ಒಬ್ಬ ಮನುಷ್ಯ ಏನು ಹೇಳಬೇಕಿತ್ತೆಂದು ನನಗೆ ಈಗ ಚೆನ್ನಾಗಿ ಗೊತ್ತು. ಆಗ ನಾನು ಹೇಳಿದ್ದು ಇದು: "ಅಷ್ಟೆಲ್ಲ ಹೇಳುವ ಅಗತ್ಯ ಏನಿತ್ತು? ಒಂದು ದಿನ, ಒಂದೇ ಒಂದು ದಿನ ಬಾಯಿ ಮುಚ್ಚಿ ಕೂರಲಿಕ್ಕಾಗಲಿಲ್ವಾ ನಿಂಗೆ?"

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ತಪ್ಪಾಯ್ತು ಮಗಾ. ಅವರು ಅಡುಗೆ ಅಂದ್ರಲ್ಲ, ನಂಗೆ ಮರ್ತೇ ಹೋಯ್ತು." ರಸ್ತೆಯ ಕಡೆ ನೋಡುತ್ತ, "ಇನ್ನೊಂದು ಆಸ್ಪತ್ರೆ ಇಲ್ವಾ? ಅಲ್ಲಿ ಸರಿಯಾಗಿ ಮಾಡ್ತೇನೆ" ಎಂದಳು.

ರಿಕ್ಷಾ ಬಂತು. ಏರುವಾಗ ಅವಳು ಕೋಲನ್ನು ಮೊದಲು ಒಳಗೆ ಇಟ್ಟು, ನನ್ನ ಭುಜ ಹಿಡಿದು, ಕಷ್ಟಪಟ್ಟು ಹತ್ತಿದಳು. ಈಗ ಯಾಕೆ, ಡಾಕ್ಟರು ಒಳಗಿದ್ದಾರೆ, ಎಂದು ಕೇಳಬೇಕೆನಿಸಿತು. ರಿಕ್ಷಾದವನಿಗೆ ಸ್ಟೇಷನ್ ಎಂದೆ.

ನೋಟಿಸಿನ ತಾರೀಕಿಗೆ ವಾಗ್ಳೆ ಎಸ್ಟೇಟಿನಲ್ಲಿರುವ ತೆರಿಗೆ ಕಚೇರಿಗೆ ಹೋದೆ. ಕಾಕಾ ಜೊತೆಗೆ ಬರುತ್ತೇನೆಂದಿದ್ದರು, ಬೇಡವೆಂದೆ. ಸರ್ಟಿಫಿಕೇಟು ಮಳೆಯಲ್ಲಿ ನೆನೆದು ಹೋಯಿತೆಂದು ಹೇಳಿ, ಸಮಯ ಕೇಳಿ ಎಂದೂ ಫೋನಿನಲ್ಲಿ ಹೇಳಿದ್ದರು. ಗಾಡಿಯಲ್ಲಿ ಆ ಮಾತನ್ನು ಮನಸ್ಸಿನಲ್ಲೇ ನಾಲ್ಕು ಸಲ ಹೇಳಿ ನೋಡಿಕೊಂಡದ್ದೂ ನಿಜ. ಆದರೆ ಅಧಿಕಾರಿಯ ಮೇಜಿನ ಮುಂದೆ ಕೂತಾಗ ಬ್ಯಾಗಿನಿಂದ ಹಳೆಯ ಕಾಗದವನ್ನೇ ತೆಗೆದು ಕೊಟ್ಟೆ. ಧೈರ್ಯದಿಂದಲ್ಲ. ಇನ್ನೊಂದು ಸುಳ್ಳನ್ನು ಹೇಳಿ ಅದಕ್ಕಾಗಿ ಅಮ್ಮನನ್ನು ಮತ್ತೆ ಕುಂಟಿಸುವುದು ನನ್ನಿಂದ ಆಗುತ್ತಿರಲಿಲ್ಲ.

ಅಧಿಕಾರಿ ಹೆಂಗಸು, ನನ್ನ ಅಕ್ಕನ ವಯಸ್ಸು. ಕೈಬರಹದ ಆ ಒಂದು ಸಾಲಿನ ಮೇಲೆ ಪೆನ್ನಿನ ತುದಿ ಇಟ್ಟು, "ಇದನ್ನು ಓದಿದ್ದಿರಾ?" ಎಂದು ಹಿಂದಿಯಲ್ಲಿ ಕೇಳಿದರು.

"ಓದಿದ್ದೆ ಮೇಡಂ."

ಅವರು ತಲೆ ಎತ್ತಿದರು. ಬಹುಶಃ ಅಲ್ಲಿಗೆ ಬರುವವರು ಕೊಡುವ ಉತ್ತರ ಅದಲ್ಲ. "ಹೊಸದು?"

"ಸಿಗಲಿಲ್ಲ. ಅಮ್ಮ ಈಗ ನಡೀತಾಳೆ. ನಲವತ್ತರ ಕೆಳಗೆ ಬಂತು."

"ಮತ್ತೆ ಅದು ಖುಷಿಯ ಸಂಗತಿ ಅಲ್ವಾ? ಅಷ್ಟು ಮೆಲ್ಲಗೆ ಯಾಕೆ ಹೇಳ್ತೀರಿ?" ಎಂದರು ಆ ಹೆಂಗಸು. ವ್ಯಂಗ್ಯವಿರಲಿಲ್ಲ. ನನಗೆ ನೆಲ ಬಿರಿಯಬಾರದೇ ಅನಿಸಿತು. ತಾಯಿ ಕಾಲೂರಿ ನಡೆದಳೆಂಬ ಸುದ್ದಿಯನ್ನು ಮಗ ತಪ್ಪೊಪ್ಪಿಗೆಯ ಹಾಗೆ ಪಿಸುಗುಟ್ಟುತ್ತಿದ್ದ.

ಅವರು ನಿಯಮ ಬಿಡಿಸಿ ಹೇಳಿದರು. ಮರುಪರೀಕ್ಷೆಯ ಅವಧಿ ಬರೆದ ಸರ್ಟಿಫಿಕೇಟು ಯಾವ ಹಣಕಾಸು ವರ್ಷದಲ್ಲಿ ಮುಗಿಯುತ್ತದೋ ಆ ವರ್ಷದವರೆಗೆ ಕಡಿತ ಸಿಗುತ್ತದೆ; ಅದರ ಮುಂದಿನ ವರ್ಷಗಳಿಗೆ ಹೊಸ ಸರ್ಟಿಫಿಕೇಟು ಬೇಕೇ ಬೇಕು. ಈಗ ನೀವು ಹೊಸದನ್ನು ತಂದಿದ್ದರೂ, ಅದು ಈಗಿನದಾಗುತ್ತಿತ್ತೇ ಹೊರತು ನಾನು ಕೇಳುತ್ತಿರುವ ವರ್ಷಕ್ಕೆ ನಡೆಯುತ್ತಿರಲಿಲ್ಲ ಎಂದರು.

ಅಂದರೆ, ಅಂದು ಆ ಕೋಣೆಯಲ್ಲಿ ಅಮ್ಮ ಬಾಯಿ ಮುಚ್ಚಿ ಕೂತು, ಅರ್ಧಚಂದ್ರದಲ್ಲಿ ನಡೆದು, ನಲವತ್ತೇನು ಐವತ್ತೇ ಬರೆಸಿಕೊಂಡು ಬಂದಿದ್ದರೂ ನನಗೆ ಉಪಯೋಗವಿರಲಿಲ್ಲ. ಯಾವುದಕ್ಕೂ ಬಾರದ ಒಂದು ಕಾಗದಕ್ಕಾಗಿ ನಾನು ಅವಳನ್ನು ಗೇಟಿನ ಹತ್ತಿರ ಬೈದಿದ್ದೆ.

ನಡೆದದ್ದನ್ನು ಬರೆದು ಕೊಡಿ ಎಂದರು. ಅಲ್ಲೇ ಕೂತು ಬರೆದೆ. ಕಡಿತವನ್ನು ತೆಗೆದುಹಾಕಿ, ತೆರಿಗೆ ಬಡ್ಡಿ ಸಮೇತ ಕಟ್ಟಲು ಆದೇಶ ಬರುತ್ತದೆ, ದಂಡ ಯಾಕೆ ಹಾಕಬಾರದೆಂದು ಕೇಳುವ ನೋಟಿಸು ಬೇರೆ ಬರುತ್ತದೆ ಎಂದು ಹೇಳಿದರು. ಆ ವರ್ಷದ ನಂತರದ ರಿಟರ್ನನ್ನು ತಿದ್ದಲು ಇನ್ನೂ ಅವಕಾಶವಿತ್ತು. ಕಾಕಾ ಅದನ್ನು ತಿದ್ದಿ ಸಲ್ಲಿಸಿದರು. ಅದರ ಹಿಂದಿನದಕ್ಕೆ ಆಮೇಲೆ ಪ್ರತ್ಯೇಕ ನೋಟಿಸು ಬಂತು. ಎಲ್ಲ ಮುಗಿಯಲು ಸುಮಾರು ಒಂದು ವರ್ಷ ಹಿಡಿಯಿತು. ದಂಡವೂ ಬಿತ್ತು, ಕಟ್ಟಿದೆ. ಅದರ ಬಗ್ಗೆ ನನಗೆ ಹೇಳಲು ಇದಕ್ಕಿಂತ ಹೆಚ್ಚಿಲ್ಲ.

ಹೇಳಬೇಕಾದದ್ದು ಬೇರೆ. ಆಸ್ಪತ್ರೆಗೆ ಹೋಗಿ ಬಂದು ಐದಾರು ತಿಂಗಳಾಗಿರಬೇಕು, ಒಂದು ರಾತ್ರಿ ಊಟದಲ್ಲಿ ತೊಂಡೆಕಾಯಿ ಬಲಿತಿತ್ತು. ಇದೇನು, ಅಮ್ಮ ಇಂಥದ್ದನ್ನು ಆರಿಸಿ ತರುವುದಿಲ್ಲವಲ್ಲ ಎಂದೆ.

"ಅವರು ಮಾರ್ಕೆಟ್ಟಿಗೆ ಹೋಗಿ ಎಷ್ಟು ತಿಂಗಳಾಯ್ತು ಅಂತ ಗೊತ್ತುಂಟಾ ನಿಮ್ಗೆ?" ಎಂದಳು ಹೆಂಡತಿ.

ಗೊತ್ತಿರಲಿಲ್ಲ. ಏಳಕ್ಕೆ ಹೋಗಿ ಎಂಟಕ್ಕೆ ಬರುವವನು ನಾನು. ಆಸ್ಪತ್ರೆಯ ಮರುದಿನದಿಂದ ಅಮ್ಮ ಕೆಳಗೆ ಇಳಿಯುವುದನ್ನೇ ಬಿಟ್ಟಿದ್ದಳಂತೆ. ಭಾನುವಾರ ನಾನು ಮನೆಯಲ್ಲಿದ್ದಾಗ ಸೊಂಟ ನೋವೆಂದು ಮಲಗುತ್ತಿದ್ದಳು; ನಾನು ನಂಬಿದ್ದೆ. ತೀರ ಇಳಿಯಲೇಬೇಕಾದ ದಿನ, ಪಕ್ಕದ ಮನೆಯ ಮುಂಜಿಗೆ, ಕೋಲು ಹಿಡಿದು ಇಳಿದಿದ್ದಳಂತೆ, ಕೈಯನ್ನು ಎದೆಗೆ ಮಡಚಿಕೊಂಡು. ವಾಚ್‌ಮನ್ ಗಾಬರಿಯಾಗಿ, ಆಜಿಗೆ ಮತ್ತೆ ಅಟ್ಯಾಕ್ ಆಯಿತಾ ಎಂದು ಸೊಸೆಯನ್ನು ಕೇಳಿದ್ದನಂತೆ.

ಅಮ್ಮನ ಕೋಣೆಗೆ ಹೋದೆ. ಮಂಚದ ಮೇಲೆ ಕಾಲು ನೀಡಿ ಕೂತಿದ್ದಳು.

"ಯಾಕಮ್ಮ ಹೊರಗೆ ಹೋಗೋದಿಲ್ಲ?"

"ಹೋಗಿ ಎಂತ ಮಾಡುದು?"

"ನಿಜ ಹೇಳು."

ಅವಳು ಬಾಗಿಲಿನ ಕಡೆ ನೋಡಿ ದನಿ ತಗ್ಗಿಸಿದಳು. "ನಾನು ದಡದಡ ನಡೆಯುದನ್ನು ಟ್ಯಾಕ್ಸ್ ಆಫೀಸಿನವರು ಯಾರಾದ್ರೂ ನೋಡಿದ್ರೆ? ಇಷ್ಟು ಜನ ಇರುವ ಊರು, ಯಾರು ಯಾರ ಕಡೆಯವರೋ. ಮೊದಲೇ ನನ್ನ ಬಾಯಿಯಿಂದ ನಿಂಗೆ ಅಷ್ಟಾಯ್ತು. ಇನ್ನು ಕಾಲಿನಿಂದಲೂ ಬೇಡ."

ಅಮ್ಮ, ನಾನು ಎಲ್ಲ ಬರೆದು ಕೊಟ್ಟಿದ್ದೇನೆ, ನೀನು ನಡೆಯುತ್ತೀ ಎಂದು ಸರ್ಕಾರಕ್ಕೆ ಸಹಿ ಮಾಡಿಯೇ ಕೊಟ್ಟಿದ್ದೇನೆ, ಎಂದೆ. ಅದನ್ನು ನಾನು ಅವಳಿಗೆ ಹೇಳಿರಲೇ ಇಲ್ಲ. ವಾಗ್ಳೆ ಎಸ್ಟೇಟಿನಿಂದ ಬಂದ ದಿನ "ಏನಾಯ್ತು ಮಗಾ" ಎಂದು ಕೇಳಿದ್ದಳು. "ನೋಡುವ" ಎಂದಷ್ಟೇ ಹೇಳಿ ಬಚ್ಚಲಿಗೆ ಹೋಗಿದ್ದೆ. ನಾಚಿಕೆಯಿಂದ ಮುಖ ತಪ್ಪಿಸಿದ್ದೆ. ಅದನ್ನು ಅವಳು ಕೋಪವೆಂದು ತಿಳಿದಿದ್ದಳು.

"ಹೌದಾ?" ಎಂದಳು. "ಹಾಗಾದ್ರೆ ನಡೆಯಬಹುದಾ?"

ನನ್ನ ಮಾತನ್ನು ಕೇಳಿ, ಮರುದಿನವೇ ಚಪ್ಪಲಿ ಮೆಟ್ಟಿದಳು. ಆದರೆ ಮಾರ್ಕೆಟ್ಟಿನವರೆಗೆ ಮುಟ್ಟಲಿಲ್ಲ. ಅರ್ಧ ದಾರಿಯಲ್ಲಿ ಔಷಧಿ ಅಂಗಡಿಯ ಮೆಟ್ಟಿಲಿನ ಮೇಲೆ ಕೂತು, ಸೊಸೆಗೆ ಫೋನ್ ಮಾಡಿಸಿದಳು. ಅಷ್ಟು ತಿಂಗಳು ಕೂತ ಕಾಲು, ಎಪ್ಪತ್ತರ ಹತ್ತಿರದ ವಯಸ್ಸು. ಮಡಚಿಟ್ಟುಕೊಂಡ ಕೈ ಕೂಡ ಬಿಗಿದಿತ್ತು. ಫಿಸಿಯೋಥೆರಪಿಯವಳನ್ನು ಮತ್ತೆ ಕರೆಸಿದೆ. ಮೊದಲಿನವಳಲ್ಲ, ಹೊಸಬಳು. ಅವಳು, ಹಿಂದೆ ಎಷ್ಟು ನಡೆಯುತ್ತಿದ್ದರು ಎಂದು ಕೇಳಿದಾಗ ನನ್ನ ಹೆಂಡತಿ ನನ್ನ ಕಡೆ ನೋಡದೆ, ಸ್ಟೇಷನ್ನಿನವರೆಗೆ ಎಂದಳು. ಮತ್ತೆ ಯಾಕೆ ನಿಲ್ಲಿಸಿದರು ಎಂದು ಕೇಳಿದಾಗ ನಾನು ಅವಳಿಗೆ ಚಹಾ ತರಲು ಒಳಗೆ ಹೋದೆ. ನಡಿಗೆ ಸ್ವಲ್ಪ ಬಂತು. ಬಿಲ್ಡಿಂಗಿನ ಸುತ್ತ ಎರಡು ಸುತ್ತು ಹಾಕುವಷ್ಟು. ಮಾರ್ಕೆಟ್ಟು ಕೊನೆಗೂ ಬರಲಿಲ್ಲ. ನೀರುದೋಸೆ ಹೊಯ್ಯುವುದನ್ನು ಅವಳೇ ಸೊಸೆಗೆ ಬಿಟ್ಟುಕೊಟ್ಟಳು, ದಪ್ಪವಾದರೂ ಸುಮ್ಮನೆ ತಿನ್ನುತ್ತಿದ್ದಳು.

ದಂಡದ ಕೊನೆಯ ಚಲನ್ ಕಟ್ಟಿ ಬಂದ ದಿನ, ಕೇಸು ಮುಗಿಯಿತೆಂದು ಹೇಳಲು ಅವಳ ಹತ್ತಿರ ಕೂತೆ. ಕ್ಷಮೆ ಕೇಳಬೇಕೆಂದೇ ಕೂತದ್ದು. ಹೇಗೆ ಶುರು ಮಾಡುವುದೆಂದು ತಿಳಿಯದೆ ಅವಳ ಬಲಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದು, ಕೊನೆಗೆ ನನ್ನನ್ನು ನಗಿಸಲೆಂದೇ ಇರಬೇಕು, ಹೇಳಿದಳು:

"ಈಗ ಆ ಡಾಕ್ಟರ ಹತ್ತಿರ ಹೋದ್ರೆ ನಲವತ್ತು ಬರೆದು ಕೊಡ್ತಾರಾ ಏನೋ. ಹೋಗುವನಾ ಮಗಾ? ಈ ಸಲ ನಾನು ಎಂತದ್ದೂ ಮಾಡುದು ಬೇಡ."

ನಿಜವಾಗಿಯೂ ನಗುತ್ತಿದ್ದಳು. ನಾನು ಬೆರಳುಗಳನ್ನು ಬಿಡಿಸುತ್ತಲೇ ಇದ್ದೆ. ಹೇಳಬೇಕೆಂದುಕೊಂಡದ್ದನ್ನು ಅಂದು ಹೇಳಲಿಲ್ಲ. ಆಮೇಲೆ ಅವಳು ಆರು ವರ್ಷ ಬದುಕಿದ್ದಳು, ಆಗಲೂ ಹೇಳಲಿಲ್ಲ.